ಫೋಟೋದಲ್ಲಿ ಬಂದ ರೇಖಾಪಟವನ್ನು ಕನ್ನಡಿಸುವ ಕ್ರಮ

ಸರ್ಕಾರದ ಕಚೇರಿಗಳ ಗೋಡೆಗಳ ಮೇಲೆ ಮಳೆಯನ್ನೂ ಅಂತರ್ಜಲವನ್ನೂ ಕುರಿತ ರೇಖಾಪಟಗಳನ್ನು ತಗುಲಿಹಾಕಿರುವುದನ್ನು ವಾಚಕರು ನೋಡಿರಬಹುದು. ಇವುಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿರುವುವು. ಊರಿನ ಯಜಮಾನರೊಬ್ಬರು ಕೆಲಸದ ಮೇಲೆ ತಾಲ್ಲೂಕಿನ ಕಸಬೆಗೆ ಹೋದಾಗ ಅಂಥ ಪಟವೊಂದರ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಬರುತ್ತಾರೆ. ಇಂಗ್ಲಿಷು ಬಲ್ಲವರೊಬ್ಬರು ಅದರ ಅಂಚಿನ ಬರಹಗಳನ್ನು ಕನ್ನಡಕ್ಕೆ ತಿರುಗಿಸಿ ಕೊಡುತ್ತಾರೆ. ಆ ಕನ್ನಡದ ಪಟವು ಗ್ರಾಮದಲ್ಲಿ ಕೈಯಿಂದ ಕೈಗೆ ಹೋಗಿ, ಅದನ್ನು ನಂಬಿ ಕೊಳವೆಬಾವಿ ಕೊರೆಯಿಸುವವರೂ ತೆಂಗಿನ ಸಸಿ ನೆಡುವವರೂ ಉಂಟು. ಗೆರೆಯಾಗಲಿ ಅಂಕಿಯಾಗಲಿ ಸ್ವಲ್ಪವೂ ಬದಲಾಗದೆ ಇದ್ದರೂ, ಅಂಚಿನ ಎರಡು ಮೂರು ಪದಗಳು ತಪ್ಪಾದ ಮಾತ್ರಕ್ಕೆ ಪಟದ ಅರ್ಥವೆಲ್ಲಾ ತಲೆಕೆಳಗಾಗುವುದು ಹೇಗೆಂಬುದನ್ನು ಈ ಲೇಖನದಲ್ಲಿ ಒಂದೇ ಪಟವನ್ನಿಟ್ಟುಕೊಂಡು ವಿವರಿಸಲಾಗುವುದು.

ಈ ತಪ್ಪನ್ನು ಮಾಡಿದವನು ಬೇರೆ ಯಾರೂ ಅಲ್ಲ, ಈ ಲೇಖಕನೇ. ಅರಸೀಕೆರೆ ತಾಲ್ಲೂಕಿನ ಒಂದು ಗ್ರಾಮದ ಯಜಮಾನರು ಒಂದು ಪಟದ ಫೋಟೋವನ್ನು ತಂದು ಕನ್ನಡದಲ್ಲಿ ಬರೆದುಕೊಡಬೇಕೆಂದು ಕೇಳಿದರು. ಅವರ ಹೋಬಳಿಗೆ ಸೇರಿದ ಒಂದು ವೀಕ್ಷಣಾ ಬಾವಿಯ ಮೂರು ವರ್ಷಗಳ ಪಟವದು. ಎಡಗಡೆಯ ಅಂಚಿನಲ್ಲಿ ‘ಡೆಪ್ತ್ ಟು ವಾಟರ್ ಲೆವೆಲ್, ಎಂ ಬಿ.ಜಿ.ಎಲ್.’ ಎಂದೂ, ಬಲಗಡೆಯ ಅಂಚಿನಲ್ಲಿ ‘ರೈನ್‌ಫಾಲ್ ಡಿಪಾರ್ಚರ್ ಫ್ರಂ ನಾರ್ಮಲ್, ಪರ್ಸೆಂಟ್’ ಎಂದೂ ಇದ್ದಿತು. ಗೆರೆಗಳು ಎರಡು, ಕಂಬಗಳು ಒಂದು ಸಾಲು. ನಾನು ಹೊರಡುವ ಅವಸರದಲ್ಲಿದ್ದೆನು. ಎಡಗಡೆಗೆ ‘ನೀರಿನ ಮಟ್ಟ, ಮೀಟರ್’ ಎಂದು ಬರೆದುಕೊಟ್ಟು ಹೋದೆನು.

ಎರಡು ವಾರಗಳಾದ ಮೇಲೆ ಆ ಊರಿಗೆ ಹೋದಾಗ, ಅವರ ರಾಗಿಯ ಹೊಲದಲ್ಲಿ ತೆಂಗಿನ ಗುಂಡಿಗಳಿಗೆ ಹಗ್ಗ ಹಿಡಿದು ಗುರುತು ಮಾಡುತ್ತಿದ್ದರು. ‘ನೀವೇ ಬರೆದುಕೊಟ್ಟಿರಲ್ಲಾ ಸ್ವಾಮಿ, ಮೂರು ವರ್ಷದಿಂದ ನೀರು ಮೇಲಕ್ಕೇ ಬರುತ್ತಾ ಇದೆ, ಇನ್ನು ಎರಡು ಎಕರೆಗೆ ತೆಂಗು ಹಾಕಿದರೆ ತಪ್ಪೇನು?’ ಎಂದು ಕೇಳಿದರು. ಪಟದಲ್ಲಿ ಗೆರೆಯು ಮೇಲಕ್ಕೆ ಹತ್ತಿದ್ದುದು ನಿಜ. ಆದರೆ ಆ ಗೆರೆಯು ತೋರಿಸುತ್ತಿದ್ದುದು ನೀರು ಮೇಲಕ್ಕೆ ಬಂದುದನ್ನಲ್ಲ, ಕೆಳಕ್ಕೆ ಇಳಿದುದನ್ನು. ತೆಂಗಿನ ಸಸಿಯು ಫಲಕ್ಕೆ ಬರುವವರೆಗೆ ಐದಾರು ವರ್ಷ ಬೇಸಗೆಯಲ್ಲಿ ನೀರುಣಿಸಬೇಕಾದ ಬೆಳೆ. ಇಳಿಯುತ್ತಿರುವ ನೀರನ್ನು ಏರುತ್ತಿದೆಯೆಂದು ನಂಬಿ ಅದನ್ನು ನೆಟ್ಟಿದ್ದರೆ ಆಗುತ್ತಿದ್ದ ನಷ್ಟವನ್ನು ಅರಸೀಕೆರೆ ಸೀಮೆಯವರಿಗೆ ವಿವರಿಸಬೇಕಾದುದಿಲ್ಲ.

ಈಗ ಆ ಪದವನ್ನು ಬಿಡಿಸಿ ನೋಡೋಣ. ‘ಎಂ ಬಿ.ಜಿ.ಎಲ್.’ ಎಂಬುದು ನೆಲಮಟ್ಟದಿಂದ ಕೆಳಕ್ಕೆ ಇಷ್ಟು ಮೀಟರು ಎಂಬುದರ ಸಂಕ್ಷೇಪ. ಬಾವಿಯ ಬಳಿಯ ನೆಲವೇ ಸೊನ್ನೆ. ಅಲ್ಲಿಂದ ಅಳತೆಯ ಪಟ್ಟಿಯನ್ನು ಇಳಿಬಿಟ್ಟರೆ ಎಷ್ಟು ಮೀಟರಿಗೆ ನೀರು ಮುಟ್ಟುವುದೋ ಅದೇ ಅಂಕಿ. ಆದುದರಿಂದ ಅಂಕಿ ದೊಡ್ಡದಾದಷ್ಟೂ ನೀರು ದೂರ. ಲೆಕ್ಕಕ್ಕೆ ಸುಲಭವಾಗಲೆಂದು ಬೇರೆ ಅಂಕಿಗಳನ್ನು ತೆಗೆದುಕೊಳ್ಳೋಣ. ಮೊದಲನೆಯ ವರ್ಷ ಮೇ ತಿಂಗಳಲ್ಲಿ 12, ಎರಡನೆಯ ವರ್ಷ ಮೇ ತಿಂಗಳಲ್ಲಿ 15, ಮೂರನೆಯ ವರ್ಷ 18 ಎಂದಿರಲಿ. ಸೊನ್ನೆಯನ್ನು ಪಟದ ಬುಡದಲ್ಲಿಟ್ಟು ಬರೆದರೆ ಈ ಗೆರೆಯು ಏಣಿಯಂತೆ ಮೇಲಕ್ಕೆ ಹತ್ತುವುದು. ಬಾವಿಯಲ್ಲಾದರೋ ನೀರು 6 ಮೀಟರು ಕೆಳಕ್ಕೆ ಹೋಗಿರುವುದು. ಅಂತರ್ಜಲದ ಕೆಲಸದಲ್ಲಿ ಪಳಗಿದವರು ಸೊನ್ನೆಯನ್ನು ಮೇಲಿಟ್ಟು ಅಂಕಿಗಳನ್ನು ಕೆಳಮುಖವಾಗಿ ಬರೆಯುವ ವಾಡಿಕೆಯುಂಟು. ಹಾಗೆ ಬರೆದ ಪಟದಲ್ಲಿ ಗೆರೆ ಇಳಿದರೆ ನೀರೂ ಇಳಿದಂತೆಯೇ. ಆದರೆ ಎಲ್ಲರೂ ಹಾಗೆ ಬರೆಯುವುದಿಲ್ಲ. ಕಂಪ್ಯೂಟರಿಗೆ ಅಂಕಿಗಳನ್ನು ಕೊಟ್ಟು ಬಿಟ್ಟರೆ ಅದು ಸಾಮಾನ್ಯವಾಗಿ ಸೊನ್ನೆಯನ್ನು ಕೆಳಗೇ ಇಡುವುದು. ಆದುದರಿಂದ ಕನ್ನಡಿಸುವವನು ಗೆರೆಯನ್ನು ನೋಡುವುದಕ್ಕೆ ಮೊದಲು ಸೊನ್ನೆಯು ಎಲ್ಲಿದೆಯೆಂಬುದನ್ನು ನೋಡತಕ್ಕದ್ದು.

‘ನೀರಿನ ಮಟ್ಟ’ ಎಂಬ ಮಾತು ನಮ್ಮ ಜಿಲ್ಲೆಯಲ್ಲಿ ವಿಶೇಷವಾಗಿ ಮೋಸಮಾಡುವುದಕ್ಕೆ ಒಂದು ಕಾರಣವಿದೆ. ಇಲ್ಲಿಯ ರೈತರು ಜಲಾಶಯದ ಮಟ್ಟವನ್ನು ಪತ್ರಿಕೆಗಳಲ್ಲಿ ದಿನವೂ ಓದುವವರು. ಗೊರೂರಿನ ಹೇಮಾವತಿ ಜಲಾಶಯದ ಪೂರ್ಣ ಮಟ್ಟವು 2922 ಅಡಿ. ಅದು ಸಮುದ್ರಮಟ್ಟದಿಂದ ಮೇಲಕ್ಕೆ ಎಣಿಸಿದ ಅಂಕಿ, ಹೆಚ್ಚಿದಷ್ಟೂ ನೀರು ಹೆಚ್ಚು. ಬೇಲೂರಿನ ಬಳಿಯ ಯಗಚಿಯದೂ ಅದೇ ಲೆಕ್ಕ. ಹಳೇಬೀಡಿನವರು ತಮ್ಮ ದೊಡ್ಡ ಕೆರೆಯ ಏರಿಯ ಮೇಲೆ ನಿಂತು ನೋಡುವುದೂ ನೀರು ಎಷ್ಟು ಏರಿದೆಯೆಂಬುದನ್ನೇ. ಕೆರೆ ಜಲಾಶಯಗಳಿಗೆ ಸಲ್ಲುವ ‘ಮಟ್ಟ’ ಎಂಬ ಪದವನ್ನು ಬಾವಿಯ ಆಳದ ಅಂಕಿಗಳಿಗೆ ಅಂಟಿಸಿದರೆ ಓದುವವನು ಹಳೆಯ ಅಭ್ಯಾಸದಿಂದ ಮೇಲಕ್ಕೇ ಎಣಿಸುವನು. ಇದರಲ್ಲಿ ಅವನ ತಪ್ಪೇನೂ ಇಲ್ಲ.

ಮೂಲದಲ್ಲಿ ‘ಡೆಪ್ತ್’ ಎಂದಿದೆಯಲ್ಲಾ, ‘ನೀರಿನ ಆಳ’ ಎಂದು ಬರೆದರೆ ಸರಿಯಾಗುವುದಿಲ್ಲವೇ ಎಂದು ಕೇಳಬಹುದು. ಅದು ಇನ್ನೂ ಕೆಟ್ಟದ್ದು. ‘ಕೆರೆಯಲ್ಲಿ ನೀರಿನ ಆಳ ಎಷ್ಟು?’ ಎಂದರೆ ನೀರಿನ ಮೇಲ್ಮೈಯಿಂದ ತಳದವರೆಗೆ ನೀರೇ ಎಷ್ಟಿದೆ ಎಂದು ಕನ್ನಡಿಗರು ತಿಳಿಯುವರು. ಆಗ 18 ಎಂಬುದು ಹದಿನೆಂಟು ಮೀಟರು ನೀರು ನಿಂತಿದೆ ಎಂದಾಗುವುದು. ‘ಬಾವಿಯ ಆಳ’ ಎಂದರೂ ಆಗದು. ಅದು ಕೊರೆದ ಆಳ. ಒಂದು ಕೊಳವೆಬಾವಿಯನ್ನು 200 ಮೀಟರು ಕೊರೆದಿದ್ದರೂ ನೀರು 18 ಮೀಟರಿಗೇ ನಿಂತಿರಬಹುದು. ನಾನು ಈಗ ಬರೆಯುವುದು ‘ನೆಲದಿಂದ ಕೆಳಕ್ಕೆ ನೀರು ಸಿಕ್ಕುವ ದೂರ, ಮೀಟರುಗಳಲ್ಲಿ’ ಎಂದು. ಮೂಲಕ್ಕಿಂತ ಉದ್ದವಾಯಿತು, ನಿಜ. ಪಟದ ಅಂಚಿನಲ್ಲಿ ಸ್ಥಳ ಸಾಲದಿದ್ದರೆ ಎರಡು ಸಾಲಾಗಿ ಬರೆಯಬಹುದು; ಸ್ಥಳಕ್ಕೋಸ್ಕರ ಅರ್ಥವನ್ನು ಮೊಟಕುಮಾಡಬಾರದು. ಸೊನ್ನೆಯ ಪಕ್ಕದಲ್ಲಿ ‘ನೆಲ’ ಎಂಬ ಒಂದು ಪದವನ್ನೂ ಸೇರಿಸುತ್ತೇನೆ. ಅದು ಮೂಲದಲ್ಲಿಲ್ಲದ ಪದವಾದ್ದರಿಂದ ಚೌಕ ಆವರಣದೊಳಗೆ ಬರೆದು, ಇದು ಕನ್ನಡಿಸಿದವನು ಸೇರಿಸಿದ್ದು ಎಂದು ಕೆಳಗೆ ಹೇಳತಕ್ಕದ್ದು. ಪಟವು ತಲೆಕೆಳಗಾಗಿ ಕಾಣುತ್ತದೆಂದು ಅದನ್ನು ತಿರುವಿ ಬರೆಯುವುದು ಮಾತ್ರ ಕೂಡದು. ಹಾಗೆ ಮಾಡಿದರೆ ಅದು ಭಾಷಾಂತರವಾಗದೆ ಹೊಸ ಪಟವಾಗುವುದು. ಯಾರಾದರೂ ಮೂಲದೊಡನೆ ಹೋಲಿಸಿದರೆ ಎರಡರಲ್ಲಿ ಯಾವುದನ್ನೂ ನಂಬಲಾರರು.

ಮೀಟರನ್ನು ಕುರಿತು ಒಂದು ಮಾತು. ನಮ್ಮಲ್ಲಿ ಕೊಳವೆಬಾವಿಯ ಲೆಕ್ಕವೆಲ್ಲಾ ಅಡಿಗಳಲ್ಲಿ. ಆದ್ದರಿಂದ ಓದುವವರಿಗೆ ಅನುಕೂಲವಾಗಲೆಂದು ‘ಮೀಟರ್’ ಎಂಬಲ್ಲಿ ‘ಅಡಿ’ ಎಂದು ಬರೆದು ಅಂಕಿಗಳನ್ನು ಹಾಗೆಯೇ ಬಿಟ್ಟವರನ್ನು ಕಂಡಿದ್ದೇನೆ. ಒಂದು ಮೀಟರಿಗೆ ಸುಮಾರು 3.28 ಅಡಿ. 15 ಮೀಟರು ಎಂದರೆ 49 ಅಡಿ. ಹೆಸರು ಮಾತ್ರ ಬದಲಾದರೆ 34 ಅಡಿಗಳಷ್ಟು ನೀರು ಕಾಗದದ ಮೇಲೆ ಮೇಲಕ್ಕೆ ಬಂದುಬಿಡುತ್ತದೆ. ಅಡಿಗಳೇ ಬೇಕೆಂದರೆ ಮೀಟರಿನ ಅಂಕಿಗಳನ್ನು ಅಳಿಸದೆ, ಪ್ರತಿಯೊಂದರ ಪಕ್ಕದಲ್ಲಿಯೂ ಲೆಕ್ಕಮಾಡಿದ ಅಡಿಯನ್ನು ಬರೆಯಬೇಕು.

ಇನ್ನು ಬಲಗಡೆಯ ಅಂಚಿಗೆ ಬರೋಣ. ‘ನಾರ್ಮಲ್’ ಎಂಬುದಕ್ಕೆ ‘ವಾಡಿಕೆ ಮಳೆ’ ಎಂಬ ಒಳ್ಳೆಯ ಮಾತು ನಮ್ಮಲ್ಲಿ ಬಳಕೆಯಲ್ಲಿದೆ. ಆ ಸ್ಥಳದಲ್ಲಿ ಆ ಅವಧಿಯಲ್ಲಿ ಬಹುಕಾಲದಿಂದ ಬಿದ್ದ ಮಳೆಯ ಸರಾಸರಿಯೇ ಅದು. ‘ಸಾಧಾರಣ ಮಳೆ’ ಎಂದು ಬರೆಯಬಾರದು. ಆಕಾಶವಾಣಿಯ ಹವಾಮಾನ ವಾರ್ತೆಯಲ್ಲಿ ‘ಸಾಧಾರಣ ಮಳೆ’ ಎಂದರೆ ಒಂದು ದಿನದ ಮಳೆಯ ರಭಸವನ್ನು ಕುರಿತ ಮಾತು. ಜೋರೂ ಅಲ್ಲ, ತುಂತುರೂ ಅಲ್ಲ ಎಂದರ್ಥ. ‘ಡಿಪಾರ್ಚರ್’ ಎಂಬುದು ವಾಡಿಕೆಗೂ ಬಿದ್ದದ್ದಕ್ಕೂ ಇರುವ ವ್ಯತ್ಯಾಸ. 2023ನೆಯ ಇಸವಿಯ ಮುಂಗಾರನ್ನು ತೆಗೆದುಕೊಳ್ಳೋಣ. ಜೂನಿನಿಂದ ಸೆಪ್ಟೆಂಬರಿನವರೆಗೆ ಕರ್ನಾಟಕ ರಾಜ್ಯಕ್ಕೆ ವಾಡಿಕೆ 852 ಮಿಲಿಮೀಟರು, ಬಿದ್ದದ್ದು 642. ಕಡಿಮೆಯಾದದ್ದು 210. ಅದನ್ನು 852ರಿಂದ ಭಾಗಿಸಿದರೆ ನೂರಕ್ಕೆ ಸುಮಾರು 25. ಆದುದರಿಂದ ಪಟದಲ್ಲಿ −25 ಎಂದು ಕಂಬವು ಕೆಳಮುಖವಾಗಿರುವುದು. ಅದೇ ಮಳೆಯನ್ನು ‘ವಾಡಿಕೆಯ ಶೇಕಡಾ’ ಎಂಬ ಬೇರೆ ರೀತಿಯ ಪಟದಲ್ಲಿ ತೋರಿಸಿದರೆ 75 ಎಂದಾಗುವುದು. ಎರಡು ಅಂಕಿಗಳೂ ಸರಿಯೇ. ಆದರೆ ಒಂದರ ಹೆಸರನ್ನು ಇನ್ನೊಂದಕ್ಕೆ ಇಟ್ಟರೆ ಅನರ್ಥ.

ಈ ಅನರ್ಥವು ಕೊರತೆಯ ವರ್ಷದಲ್ಲಿ ಬೇಗ ಸಿಕ್ಕಿಬೀಳುತ್ತದೆ. ಸೊನ್ನೆಗಿಂತ ಕಡಿಮೆ ಮಳೆ ಬೀಳುವುದು ಹೇಗೆಂದು ಯಾರಾದರೂ ಕೇಳಿಯಾರು. ಅಪಾಯವಿರುವುದು ಒಳ್ಳೆಯ ಮಳೆಯಾದ ವರ್ಷದಲ್ಲಿ. ಪಟದಲ್ಲಿ 30 ಎಂದು ಕಂಬವು ಮೇಲಕ್ಕೆ ನಿಂತಿದೆಯೆನ್ನೋಣ. ವಾಡಿಕೆಗಿಂತ ನೂರಕ್ಕೆ ಮೂವತ್ತು ಹೆಚ್ಚಾಗಿ, ನೂರು ಬೀಳುವಲ್ಲಿ ನೂರ ಮೂವತ್ತು ಬಿತ್ತೆಂದು ಅದರ ಅರ್ಥ. ಅಂಚಿನಲ್ಲಿ ‘ವಾಡಿಕೆ ಮಳೆಯ ಶೇಕಡಾ’ ಎಂದು ಕನ್ನಡಿಸಿದರೆ, ನೂರು ಬೀಳುವಲ್ಲಿ ಮೂವತ್ತು ಮಾತ್ರ ಬಿತ್ತೆಂದು ಓದಬೇಕಾಗುವುದು. ಸುಭಿಕ್ಷದ ವರ್ಷವು ಬರದ ವರ್ಷವಾಯಿತು! ಆದಕಾರಣ ‘ವಾಡಿಕೆಗಿಂತ ಹೆಚ್ಚು ಅಥವಾ ಕಡಿಮೆ, ನೂರಕ್ಕೆ ಇಷ್ಟು’ ಎಂದು ಬರೆದು, ಅಧಿಕ ಚಿಹ್ನೆಯನ್ನು ಮೂಲದಲ್ಲಿ ಬಿಟ್ಟಿದ್ದರೂ ಚೌಕ ಆವರಣದಲ್ಲಿ ಅದನ್ನು ಸೇರಿಸುವುದು ಲೇಸು. ಋಣ ಚಿಹ್ನೆಯು ಫೋಟೋದಲ್ಲಿ ಬಹು ಸಣ್ಣ ಗೀಟಾಗಿ ಕಾಣುವುದರಿಂದ ಒಂದೊಂದು ಅಂಕಿಯನ್ನೂ ಹಿಗ್ಗಿಸಿ ನೋಡತಕ್ಕದ್ದು.

ಶೇಕಡಾದ ಅಂಕಿಯಿಂದ ಮಿಲಿಮೀಟರನ್ನು ಊಹಿಸುವುದೂ ಸಲ್ಲದು. ಬೇಲೂರು ಮಲೆನಾಡಿನ ಸೆರಗು, ಅರಸೀಕೆರೆ ಬಯಲುಸೀಮೆ. ಹಳೇಬೀಡು ಇವೆರಡರ ನಡುವೆ. ವಾಡಿಕೆಯು 600 ಇರುವಲ್ಲಿ −30 ಎಂದರೆ 180 ಮಿಲಿಮೀಟರು ಕಡಿಮೆ. ವಾಡಿಕೆಯು 300 ಇರುವಲ್ಲಿ ಅದೇ −30 ಎಂದರೆ 90 ಕಡಿಮೆ. ಪಟದಲ್ಲಿ ವಾಡಿಕೆಯ ಅಂಕಿ ಇಲ್ಲದಿದ್ದರೆ ಭಾಷಾಂತರದಲ್ಲಿಯೂ ಅದು ಇರಕೂಡದು.

ಈಗ ಗುರುತಿನ ಪಟ್ಟಿ, ಎಂದರೆ ಯಾವ ಬಣ್ಣಕ್ಕೆ ಯಾವ ಅರ್ಥವೆಂದು ಮೂಲೆಯಲ್ಲಿ ಬರೆದಿರುವ ಚೌಕ. ಭಾರತದ ಹವಾಮಾನ ಇಲಾಖೆಯ ಕ್ರಮದಲ್ಲಿ ವ್ಯತ್ಯಾಸವು −19ರಿಂದ +19ರವರೆಗೆ ಇದ್ದರೆ ಅದಕ್ಕೂ ‘ನಾರ್ಮಲ್’ ಎಂದೇ ಹೆಸರು. +20ರಿಂದ +59ರವರೆಗೆ ಅಧಿಕ, ಅದಕ್ಕೂ ಮೇಲೆ ಅತ್ಯಧಿಕ. −20ರಿಂದ −59ರವರೆಗೆ ಕೊರತೆ, −60ರಿಂದ −99ರವರೆಗೆ ತೀವ್ರ ಕೊರತೆ. ಇಲ್ಲಿ ಇಂಗ್ಲಿಷಿನವರೇ ಒಂದು ಪದವನ್ನು ಎರಡು ಅರ್ಥಗಳಿಗೆ ದುಡಿಸಿರುವರು. ಅಂಚಿನಲ್ಲಿರುವ ‘ನಾರ್ಮಲ್’ ಒಂದು ಖಚಿತವಾದ ಅಂಕಿ. ಪಟ್ಟಿಯಲ್ಲಿರುವ ‘ನಾರ್ಮಲ್’ ಒಂದು ಅಗಲವಾದ ಅಂಕಣ. ಎರಡಕ್ಕೂ ‘ವಾಡಿಕೆ’ ಎಂದೇ ಬರೆದರೆ, −18 ಆದ ಹೋಬಳಿಯ ರೈತನು ‘ನಮಗೆ ವಾಡಿಕೆಯ ಮಳೆ ಆಯಿತಂತೆ’ ಎಂದು ಓದುವನು. ಅವನ ಹೊಲಕ್ಕೆ ನೂರರಲ್ಲಿ ಹದಿನೆಂಟು ಪಾಲು ಕಡಿಮೆ ಬಿದ್ದಿರುವುದು. ಪಟ್ಟಿಯಲ್ಲಿ ‘ವಾಡಿಕೆಯ ಆಸುಪಾಸು, −19ರಿಂದ +19’ ಎಂದು ಬರೆದರೆ ಈ ಗೊಂದಲವಿಲ್ಲ. ಮೂಲದ ಪಟ್ಟಿಯಲ್ಲಿ ಎಲ್ಲೆಯ ಅಂಕಿಗಳನ್ನು ಬೇರೆಯಾಗಿ ಕೊಟ್ಟಿದ್ದರೆ ಅದರಂತೆಯೇ ಬರೆಯಬೇಕೇ ಹೊರತು ಇಲ್ಲಿ ಹೇಳಿದ ಅಂಕಿಗಳನ್ನು ತುಂಬಬಾರದು.

ಆ ಪಟದ ಎರಡು ಗೆರೆಗಳ ಹೆಸರು ‘ಪ್ರಿ ಮಾನ್ಸೂನ್’, ‘ಪೋಸ್ಟ್ ಮಾನ್ಸೂನ್’ ಎಂದು. ಮಳೆಯ ಪಟದಲ್ಲಾದರೆ ಮೊದಲನೆಯದು ಮಾರ್ಚಿನಿಂದ ಮೇವರೆಗಿನ ಮಳೆ, ಎರಡನೆಯದು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರು. ಬಾವಿಯ ಪಟದಲ್ಲಿ ಇವು ಅವಧಿಗಳಲ್ಲ. ಅಳತೆಗೆ ಹೋದ ಒಂದೊಂದು ಸಲವನ್ನು ಹೇಳುವ ಹೆಸರುಗಳು. ಮುಂಗಾರು ಹಿಡಿಯುವುದಕ್ಕೆ ಮೊದಲು ಬೇಸಗೆಯ ಕೊನೆಯಲ್ಲಿ ಒಂದು ಅಳತೆ, ಮುಂಗಾರು ಮುಗಿದ ಮೇಲೆ ಸಾಮಾನ್ಯವಾಗಿ ನವೆಂಬರಿನಲ್ಲಿ ಒಂದು ಅಳತೆ. ಇಲ್ಲಿ ‘ಹಿಂಗಾರು’ ಎಂದು ಬರೆದರೆ ಹಿಂಗಾರಿನ ಮಳೆಯಿಂದಲೇ ಬಾವಿ ತುಂಬಿತೆಂದು ತಿಳಿಯುವರು. ‘ಮುಂಗಾರಿಗೆ ಮೊದಲಿನ ಅಳತೆ’, ‘ಮುಂಗಾರು ಮುಗಿದ ಮೇಲಿನ ಅಳತೆ’ ಎಂದರೆ ಸಾಕು. ತಿಂಗಳನ್ನು ಮೂಲದಲ್ಲಿ ಹೇಳಿದ್ದರೆ ಮಾತ್ರ ಸೇರಿಸಬೇಕು.

ತಿಂಗಳುಗಳಿಗೂ ವಾರಗಳಿಗೂ ಬದಲು ಮಳೆನಕ್ಷತ್ರಗಳ ಹೆಸರನ್ನು ಬರೆದರೆ ರೈತರಿಗೆ ಮನಸ್ಸಿಗೆ ಹತ್ತುವುದೆಂದು ಒಬ್ಬ ಸ್ನೇಹಿತರು ಹೇಳಿದರು. ಆಸೆಯೇನೋ ಒಳ್ಳೆಯದು. ಆದರೆ ಮಳೆಯ ಪಟಗಳಲ್ಲಿ ಜನವರಿ 1ರಿಂದ ಎಣಿಸಿದ 25ನೆಯ ವಾರವು ಜೂನ್ 18ರಿಂದ 24ರವರೆಗೆ. ಆರಿದ್ರೆ ಹುಟ್ಟುವುದು ಸುಮಾರು 22ಕ್ಕೆ. ಆ ವಾರದ ಕಂಬದೊಳಗೆ ಮೃಗಶಿರೆಯ ಕೊನೆಯೂ ಆರಿದ್ರೆಯ ಮೊದಲೂ ಕೂಡಿಕೊಂಡಿವೆ. ಯಾವ ಹನಿ ಯಾವುದರದೆಂದು ಪಟದಿಂದ ಬೇರ್ಪಡಿಸಲಾಗದು.

ಗುರುತಿನ ಪಟ್ಟಿಯಲ್ಲಿ ಇನ್ನೊಂದು ಸಣ್ಣ ವಿಷಯವನ್ನು ನಾನು ಮೊದಲು ಗಮನಿಸಿರಲಿಲ್ಲ. ಬಾವಿಯ ಹೆಸರಿನ ಮುಂದೆ ‘ಡಿ.ಡಬ್ಲ್ಯು.’ ಎಂಬ ಅಕ್ಷರಗಳಿದ್ದುವು. ಅದು ತೆರೆದ ಬಾವಿ. ಕೊಳವೆಯ ರೂಪದ ವೀಕ್ಷಣಾ ಬಾವಿಗೆ ‘ಪಿ.ಜೆಡ್.’ ಎಂದು ಗುರುತು ಹಾಕುವುದುಂಟು. ತೆರೆದ ಬಾವಿಯು ಮೇಲಿನ ಸವಕಲು ಪದರದ ನೀರನ್ನು ತೋರಿಸುವುದು. ತೆಂಗಿನ ತೋಟದ ಕೊಳವೆಬಾವಿಯು ಅದಕ್ಕಿಂತ ಬಹು ಕೆಳಗಿನ ಬಂಡೆಯ ಬಿರುಕುಗಳಿಂದ ಎತ್ತುವುದು. ‘ಬಾವಿ’ ಎಂದಿಷ್ಟೇ ಬರೆದರೆ ಓದುವವನು ತನ್ನ ಕೊಳವೆಬಾವಿಯ ಸ್ಥಿತಿಯೇ ಇದೆಂದು ತಿಳಿಯುವನು. ಸಂಕ್ಷೇಪಾಕ್ಷರಗಳ ಅರ್ಥವು ತಿಳಿಯದಿದ್ದರೆ ಅವನ್ನು ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದು, ವಿಚಾರಿಸಿ ತಿಳಿಯತಕ್ಕದ್ದು ಎಂದು ಗುರುತು ಹಾಕುವುದೇ ಸರಿ.

ಫೋಟೋದಿಂದಲೇ ಆಗುವ ತೊಂದರೆಗಳು ಬೇರೆ. ಗೋಡೆಯ ಪಟವನ್ನು ಪಕ್ಕದಿಂದ ತೆಗೆದರೆ ಒಂದು ಬದಿ ಹಿಗ್ಗಿ ಇನ್ನೊಂದು ಬದಿ ಕುಗ್ಗುವುದು. ಅಂಥದರ ಮೇಲೆ ಅಡಿಕೋಲಿಟ್ಟು ಎತ್ತರವನ್ನು ಅಳೆದರೆ ತಪ್ಪು ಅಂಕಿ ಬರುವುದು. ಪಟದೊಳಗಿನ ಅಡ್ಡಗೆರೆಗಳನ್ನೇ ಹಿಡಿದು ಓದಬೇಕು. ಬೆಳಕು ಮಿಂಚಿದ ಕಡೆಯಲ್ಲಿ ಹಳದಿಯೂ ತಿಳಿಹಸುರೂ ಒಂದೇ ಆಗುವುವು, ದಶಮಾಂಶದ ಚುಕ್ಕೆಯು ಮಾಯವಾಗಿ 1.5 ಎಂಬುದು 15 ಆಗುವುದು. ಅಂಚಿನ ಅಂಕಿಗಳು ಸಮವಾದ ಅಂತರದಲ್ಲಿ ಏರುವುವೋ ಇಲ್ಲವೋ ಎಂದು ನೋಡಿದರೆ ಇದು ಸಿಕ್ಕುವುದು, 0.5, 1.0 ಆದ ಮೇಲೆ 15 ಬರಲಾರದು. ಗುರುತಿನ ಪಟ್ಟಿಯು ಫೋಟೋದ ಹೊರಗುಳಿದಿದ್ದರೆ ನೀಲಿ ಎಂದರೆ ನೀರೇ ಇರಬೇಕೆಂದು ಊಹಿಸದೆ ‘ಗುರುತು ಫೋಟೋದಲ್ಲಿ ಇಲ್ಲ’ ಎಂದು ಬರೆದು, ಮತ್ತೊಮ್ಮೆ ತೆಗೆಸಿ ತರಬೇಕು. ಪೂರ್ತಿ ಪಟಕ್ಕೆ ಎದುರು ನಿಂತು ಒಂದು, ಎರಡು ಅಂಚುಗಳಿಗೆ ಹತ್ತಿರದಿಂದ ಒಂದೊಂದು, ಪಟ್ಟಿಗೆ ಒಂದು, ಹೀಗೆ ನಾಲ್ಕು ಫೋಟೋಗಳನ್ನು ತೆಗೆದರೆ ಈ ಶ್ರಮವಿಲ್ಲ. ಕನ್ನಡದ ಪ್ರತಿಯನ್ನು ಕಪ್ಪು ಮಸಿಯಲ್ಲಿ ಅಚ್ಚುಹಾಕಿಸುವುದಾದರೆ ಬಣ್ಣಗಳಿಗೆ ಬದಲು ಅಡ್ಡಗೀಟು, ಚುಕ್ಕೆ ಮುಂತಾದ ತುಂಬುಗಳನ್ನು ಉಪಯೋಗಿಸಿ, ಪಟ್ಟಿಯಲ್ಲಿಯೂ ಅವನ್ನೇ ತೋರಿಸತಕ್ಕದ್ದು. ಗೆರೆಗಳು ಎಡಗಡೆಯ ಅಳತೆಗೆ, ಕಂಬಗಳು ಬಲಗಡೆಯ ಅಳತೆಗೆ ಎಂಬುದನ್ನು ಪಟ್ಟಿಯಲ್ಲಿಯೇ ಬರೆದರೆ 15 ಮೀಟರನ್ನು ನೂರಕ್ಕೆ 15 ಎಂದು ಓದುವ ಭಯ ತಪ್ಪುವುದು.

ಯಜಮಾನರಿಗೆ ಅವರ ಪಟವನ್ನು ಮೇಲೆ ಹೇಳಿದಂತೆ ತಿದ್ದಿ ಬರೆದುಕೊಟ್ಟೆನು. ಈ ಸಲ ಕೊಟ್ಟು ಎದ್ದುಹೋಗದೆ, ಇಂಗ್ಲಿಷಿನ ಪಟವನ್ನು ನೋಡದಿದ್ದ ಅವರ ಮಗನನ್ನು ಕರೆದು ಕನ್ನಡದ ಪ್ರತಿಯೊಂದನ್ನೇ ಮುಂದಿಟ್ಟು ಮೂರು ಪ್ರಶ್ನೆಗಳನ್ನು ಕೇಳಿದೆನು: ಮೂರನೆಯ ವರ್ಷದ ಬೇಸಗೆಯಲ್ಲಿ ನೀರು ಎಲ್ಲಿತ್ತು? ಮೊದಲನೆಯ ವರ್ಷಕ್ಕಿಂತ ಹತ್ತಿರವೋ ದೂರವೋ? ಆ ವರ್ಷ ಮಳೆ ವಾಡಿಕೆಗಿಂತ ಹೆಚ್ಚೋ ಕಡಿಮೆಯೋ? ಹುಡುಗನು ಹೇಳಿದ ಮೂರು ಉತ್ತರಗಳೂ ಮೂಲದ ಫೋಟೋಕ್ಕೆ ಸರಿಹೊಂದಿದುವು. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಗುಂಡಿ ಬೇಡ, ಈ ವರ್ಷವೂ ರಾಗಿಯೇ ಇರಲಿ’ ಎಂದರು. ಹಗ್ಗವನ್ನು ಸುತ್ತಿ ಒಳಗಿಟ್ಟರು. ಮೊದಲು ಕೊಟ್ಟಿದ್ದ ತಪ್ಪು ಪ್ರತಿಯು ಅಷ್ಟರಲ್ಲಿ ಪಕ್ಕದ ಎರಡು ಹಳ್ಳಿಗಳಿಗೆ ಹೋಗಿದ್ದಿತು. ಅದನ್ನು ಹಿಂದಕ್ಕೆ ತರಿಸುವುದಕ್ಕೆ ನನಗೆ ನಾಲ್ಕು ದಿನ ಹಿಡಿಯಿತು.